ಎಲ್‌ಸಿ ಇದ್ರೂ ದುಡ್ಡು ಯಾಕೆ ನಿಲ್ಲುತ್ತೆ? ಒಂದು ಕಾಫಿ ಕಂಟೇನರ್ ಜೊತೆ ಹೆಜ್ಜೆ ಹೆಜ್ಜೆಯಾಗಿ ನೋಡೋಣ

ಹೊಸದಾಗಿ ಎಕ್ಸ್‌ಪೋರ್ಟ್‌ಗೆ ಇಳಿದವರು ತುಂಬಾ ಜನ ಎಲ್‌ಸಿ, ಅಂದ್ರೆ ಬೈಯರ್ ಪರವಾಗಿ ಅವನ ಬ್ಯಾಂಕ್ ದುಡ್ಡು ಕೊಡ್ತೀನಿ ಅಂತ ಬರೆದುಕೊಡೋ ಲೆಟರ್ ಆಫ್ ಕ್ರೆಡಿಟ್, ಬಂತು ಅಂದ್ರೆ ದುಡ್ಡು ಬಂದಹಾಗೇ ಅಂದ್ಕೊಂಡಿರ್ತಾರೆ. ಮಾಲು ಚೆನ್ನಾಗಿದೆ, ಟೈಮಿಗೆ ಸರಿಯಾಗಿ ಹಡಗು ಹತ್ತಿದೆ, ಬೈಯರ್ ಕೂಡ ಫೋನಲ್ಲಿ ಖುಷಿಯಾಗೇ ಮಾತಾಡ್ತಿದಾನೆ, ಆದ್ರೂ ಒಂದು ದಿನ ಬ್ಯಾಂಕಿಂದ ಮೆಸೇಜ್ ಬರುತ್ತೆ, ಡಾಕ್ಯುಮೆಂಟ್ಸ್ ರಿಜೆಕ್ಟ್ ಆಗಿದೆ ಅಂತ, ಕಾರಣ ನೋಡಿದ್ರೆ ಇನ್‌ವಾಯ್ಸಲ್ಲಿ ಎರಡು ಪದ ಬಿಟ್ಟು ಹೋಗಿರುತ್ತೆ. ಇದೇನೂ ಅಪರೂಪ ಅಲ್ಲ. ಈಗ ಜಗತ್ತಿನ ಹೆಚ್ಚುಕಮ್ಮಿ ಎಲ್ಲಾ ಬ್ಯಾಂಕುಗಳೂ ಎಲ್‌ಸಿಗೆ ಬಳಸೋ ರೂಲ್ಸ್ ಯುಸಿಪಿ 600, ಪ್ಯಾರಿಸ್ಸಲ್ಲಿರೋ ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್, ಅಂದ್ರೆ ಐಸಿಸಿ, ಮಾಡಿದ್ದು, ಜಾರಿಗೆ ಬಂದಿದ್ದು 2007ರ ಜುಲೈ 1ಕ್ಕೆ. ಅದರ ಮುನ್ನುಡಿಯಲ್ಲೇ ಬರೆದಿದಾರೆ, ಆ ರೂಲ್ಸ್ ತಿದ್ದೋ ಕೆಲಸ ಶುರುವಾದಾಗ ಎಲ್‌ಸಿ ಡಾಕ್ಯುಮೆಂಟುಗಳಲ್ಲಿ ಸುಮಾರು 70% ಮೊದಲನೇ ಸಲಕ್ಕೇ ರಿಜೆಕ್ಟ್ ಆಗ್ತಿತ್ತು ಅಂತ.

ಇಷ್ಟೊಂದು ಯಾಕೆ ಅನ್ನೋದು ಮೊದಲು ಅರ್ಥ ಆಗ್ಬೇಕು, ಇಲ್ಲಾಂದ್ರೆ ಉಳಿದಿದ್ದೆಲ್ಲ ಬರೀ ಬಾಯಿಪಾಠ ಆಗುತ್ತೆ.

ಬ್ಯಾಂಕ್ ನಿಮ್ಮ ಮಾಲು ನೋಡಲ್ಲ

ಎಲ್‌ಸಿಯಲ್ಲಿ ಬ್ಯಾಂಕ್ ಕೊಡೋದು ಷರತ್ತಿನ ಮಾತು. ಇಂಥಿಂಥ ಪೇಪರ್ಸ್, ಇಂಥ ತಾರೀಖಿನೊಳಗೆ, ಈ ಥರ ಇದ್ರೆ ಮಾತ್ರ ದುಡ್ಡು ಕೊಡ್ತೀನಿ ಅಂತ. ಯುಸಿಪಿ 600ರ 5ನೇ ಆರ್ಟಿಕಲ್ ನೇರವಾಗಿ ಹೇಳುತ್ತೆ, ಬ್ಯಾಂಕಿನ ವ್ಯವಹಾರ ಡಾಕ್ಯುಮೆಂಟ್ ಜೊತೆ ಮಾತ್ರ, ಸರಕಿನ ಜೊತೆ ಅಲ್ಲ. 4ನೇ ಆರ್ಟಿಕಲ್ ಪ್ರಕಾರ ನಿಮಗೂ ಬೈಯರ್‌ಗೂ ಇರೋ ಕಾಂಟ್ರಾಕ್ಟೇ ಬೇರೆ, ಎಲ್‌ಸಿನೇ ಬೇರೆ. ಬ್ಯಾಂಕಲ್ಲಿ ಕೂತಿರೋ ಚೆಕರ್‌ಗೆ ಕಾಫಿ ಗೊತ್ತಿಲ್ಲ, ಗ್ರಾನೈಟ್ ಗೊತ್ತಿಲ್ಲ, ಗೊತ್ತಿರ್ಬೇಕು ಅಂತಾನೂ ಇಲ್ಲ. ಅವರ ಕೆಲಸ ಪೇಪರ್ ಮೇಲೆ ಏನು ಕಾಣ್ತಿದೆ ಅನ್ನೋದನ್ನ ಎಲ್‌ಸಿ ಜೊತೆ ಹೋಲಿಸಿ ನೋಡೋದು ಅಷ್ಟೇ.

ಅವರಿಗೆ ಹಠ ಅಂತ ಅಂದ್ಕೋಬೇಡಿ. ಓಪನಿಂಗ್ ಬ್ಯಾಂಕ್, ಅಂದ್ರೆ ಎಲ್‌ಸಿ ಕೊಟ್ಟ ಬೈಯರ್ ಕಡೆಯ ಬ್ಯಾಂಕ್, ಮೊದಲು ತನ್ನ ದುಡ್ಡು ಕೊಟ್ಟು ಆಮೇಲೆ ಬೈಯರ್ ಹತ್ರ ವಸೂಲಿ ಮಾಡ್ಕೋಬೇಕು. ಸರಿಯಿಲ್ಲದ ಪೇಪರ್‌ಗೆ ದುಡ್ಡು ಕೊಟ್ಟುಬಿಟ್ರೆ ಬೈಯರ್ "ನಾನು ಕೇಳಿದ್ದು ಇದಲ್ಲ, ನಾನು ಕೊಡಲ್ಲ" ಅನ್ನಬಹುದು, ನಷ್ಟ ಬ್ಯಾಂಕಿನ ತಲೆ ಮೇಲೆ. 1927ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ಗೆ ಬಂದ ಇಕ್ವಿಟಬಲ್ ಟ್ರಸ್ಟ್ ವರ್ಸಸ್ ಡಾಸನ್ ಪಾರ್ಟ್‌ನರ್ಸ್ ಕೇಸಲ್ಲಿ ಆಗಿದ್ದು ಇದೇ. ಬಟೇವಿಯಾದಿಂದ, ಅಂದ್ರೆ ಇವತ್ತಿನ ಜಕಾರ್ತಾದಿಂದ, ವೆನಿಲ್ಲಾ ಬೀನ್ಸ್ ತರಿಸೋ ವ್ಯವಹಾರ. ಬೈಯರ್ ಕೇಳಿದ್ದು ಪರಿಣತರು, ಅಂದ್ರೆ ಒಬ್ಬರಿಗಿಂತ ಹೆಚ್ಚು ಜನ, ನೋಡಿ ಕೊಟ್ಟ ಸರ್ಟಿಫಿಕೇಟ್. ಟೆಲಿಗ್ರಾಫ್ ಕೋಡ್‌ನಲ್ಲಿ ಹೋಗುವಾಗ ಅದು ಏಕವಚನ ಆಗಿಹೋಯ್ತು, ಒಬ್ಬನೇ ಪರಿಣತನ ಸರ್ಟಿಫಿಕೇಟ್ ತಗೊಂಡು ಬ್ಯಾಂಕ್ ದುಡ್ಡು ಕೊಡ್ತು. ಮಾರಿದವನು ಮೋಸಗಾರ, ಬಂದ ಮಾಲು ಕಸ. ಬೈಯರ್ ಬ್ಯಾಂಕಿಗೆ ದುಡ್ಡು ಕೊಡೋ ಹಾಗಿಲ್ಲ ಅಂತ ತೀರ್ಪಾಯ್ತು. ಹೆಚ್ಚುಕಮ್ಮಿ ಅದೇ ಥರ ಇರೋ, ಅದರಷ್ಟೇ ಕೆಲಸ ಮಾಡೋ ಡಾಕ್ಯುಮೆಂಟ್‌ಗೆ ಇಲ್ಲಿ ಜಾಗ ಇಲ್ಲ ಅಂತ ಲಾರ್ಡ್ ಸಮ್ನರ್ ಹೇಳಿದ್ದನ್ನ ಇವತ್ತಿಗೂ ಎಲ್‌ಸಿ ಕೇಸುಗಳಲ್ಲಿ ಎತ್ತಿ ಹೇಳ್ತಾರೆ.

ಇನ್ನೊಂದು ಕೇಸ್ ನಮ್ಮ ದಕ್ಷಿಣ ಭಾರತದ್ದೇ ಮಾಲಿನದ್ದು. ರೇನರ್ ವರ್ಸಸ್ ಹ್ಯಾಂಬ್ರೋಸ್ ಬ್ಯಾಂಕ್ ಅಂತ, 1943ರ ಇಂಗ್ಲಿಷ್ ಲಾ ರಿಪೋರ್ಟಲ್ಲಿ ಇದೆ. ಮದ್ರಾಸಿಂದ ಡೆನ್ಮಾರ್ಕಿನ ಆರ್ಹುಸ್‌ಗೆ ಕಡಲೆಕಾಯಿ. ಎಲ್‌ಸಿಯಲ್ಲಿ ಇದ್ದಿದ್ದು ಕೋರಮಂಡಲ್ ಗ್ರೌಂಡ್‌ನಟ್ಸ್ ಅಂತ, ಮಾಲು ತಗೊಂಡಿದ್ದಕ್ಕೆ ಹಡಗಿನವರು ಕೊಡೋ ಬಿಲ್ ಆಫ್ ಲೇಡಿಂಗಲ್ಲಿ ಬಂದಿದ್ದು ಮಷಿನಲ್ಲಿ ಸುಲಿದ ಗ್ರೌಂಡ್‌ನಟ್ ಕರ್ನಲ್ಸ್ ಅಂತ. ಆ ವ್ಯಾಪಾರದಲ್ಲಿ ಇರೋ ಎಲ್ಲರಿಗೂ ಎರಡೂ ಒಂದೇ ಅಂತ ಗೊತ್ತು, ಕೋರ್ಟಲ್ಲಿ ಸಾಕ್ಷಿನೂ ಹೇಳಿದ್ರು. ಆದ್ರೂ ಬ್ಯಾಂಕ್ ರಿಜೆಕ್ಟ್ ಮಾಡಿದ್ದೇ ಸರಿ ಅಂದ್ರು ಜಡ್ಜ್‌ಗಳು, ಸಾವಿರಾರು ಥರದ ವ್ಯಾಪಾರಕ್ಕೆ ಫೈನಾನ್ಸ್ ಮಾಡೋ ಬ್ಯಾಂಕು ಒಂದೊಂದು ವ್ಯಾಪಾರದ ಒಳಮಾತನ್ನೂ ಕಲಿತಿರಬೇಕು ಅನ್ನೋಕಾಗಲ್ಲ ಅಂತ. ಇವತ್ತಿನ ರೂಲ್ಸ್ ಇಷ್ಟು ಬಿಗಿ ಇಲ್ಲ, ಇನ್‌ವಾಯ್ಸ್ ಬಿಟ್ಟು ಉಳಿದ ಪೇಪರಲ್ಲಿ ಸರಕಿನ ವಿವರ ಸಾಮಾನ್ಯ ಮಾತಲ್ಲಿ ಇದ್ರೂ ನಡೆಯುತ್ತೆ, ಎಲ್‌ಸಿಗೆ ವಿರುದ್ಧ ಆಗಬಾರದು ಅಷ್ಟೇ. ಆದ್ರೆ "ನಮ್ಮ ಟ್ರೇಡಲ್ಲಿ ಎಲ್ಲರಿಗೂ ಗೊತ್ತಿರೋದೇ" ಅನ್ನೋ ವಾದ ಇವತ್ತಿಗೂ ಬ್ಯಾಂಕಿನ ಮುಂದೆ ನಿಲ್ಲಲ್ಲ.

ಈಗ ಒಂದು ಉದಾಹರಣೆ ಹಿಡ್ಕೊಂಡು ಹೋಗೋಣ. ಬೆಂಗಳೂರಲ್ಲಿ ಆಫೀಸ್ ಇರೋ ಒಬ್ಬ ಕಾಫಿ ಎಕ್ಸ್‌ಪೋರ್ಟರ್, ಬೈಯರ್ ಜೋರ್ಡಾನ್‌ನಲ್ಲಿ, ಓಪನಿಂಗ್ ಬ್ಯಾಂಕ್ ಅಮ್ಮಾನ್‌ನಲ್ಲಿ. ಮಾಲು ರೋಬಸ್ಟಾ ಚೆರ್ರಿ ಎಬಿ ಗ್ರೇಡ್ ಕಾಫಿ, 60 ಕೆಜಿಯ 320 ಮೂಟೆ, ಅಂದ್ರೆ ಒಂದು 20 ಅಡಿ ಕಂಟೇನರ್, 19.2 ಟನ್. ರೇಟ್ ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ಟನ್ನಿಗೆ 4,000 ಡಾಲರ್ ಸಿಐಎಫ್ ಅಕಾಬಾ, ಅಂದ್ರೆ ಜೋರ್ಡಾನಿನ ಅಕಾಬಾ ಪೋರ್ಟ್ ತನಕ ಹಡಗಿನ ಬಾಡಿಗೆ, ಇನ್ಶೂರೆನ್ಸ್ ಎಲ್ಲಾ ಸೇರಿಸಿದ ಬೆಲೆ, ಅಂತ ಇಟ್ಕೊಳ್ಳೋಣ, ಒಟ್ಟು 76,800 ಡಾಲರ್.

ಹೆಜ್ಜೆ 1: ಎಲ್‌ಸಿ ಬಂದ ದಿನಾನೇ ಓದಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದ ಹೆಜ್ಜೆ ಇದೇ, ಮತ್ತೆ ಜನ ಹೆಚ್ಚು ಬಿಡೋದೂ ಇದನ್ನೇ. ಅಡ್ವೈಸಿಂಗ್ ಬ್ಯಾಂಕ್ ಎಲ್‌ಸಿ ಕಳಿಸುತ್ತೆ, ಅಮೌಂಟ್ ನೋಡ್ತಾರೆ, ಬೈಯರ್ ಹೆಸರು ನೋಡ್ತಾರೆ, ಫೈಲಿಗೆ ಹಾಕ್ತಾರೆ, ಮತ್ತೆ ತೆಗೆಯೋದು ಹಡಗು ಹೋದ್ಮೇಲೆ. ಅಷ್ಟೊತ್ತಿಗೆ ತಿದ್ದೋಕೆ ಆಗದೇ ಇರೋದು ತುಂಬಾ ಇರುತ್ತೆ.

ಎಲ್‌ಸಿ ಬರೋದು ಬ್ಯಾಂಕುಗಳು ಒಂದಕ್ಕೊಂದು ಮೆಸೇಜ್ ಕಳಿಸೋಕೆ ಬಳಸೋ ಸ್ವಿಫ್ಟ್‌ನ ಎಂಟಿ 700 ಮೆಸೇಜ್ ಆಗಿ, ಒಂದೊಂದು ವಿಷಯಕ್ಕೂ ಒಂದೊಂದು ಫೀಲ್ಡ್ ನಂಬರ್. ನಮ್ಮ ಉದಾಹರಣೆಯಲ್ಲಿ ಮೊದಲು ಕಣ್ಣು ಹಾಯಿಸಬೇಕಾದ ಸಾಲುಗಳು ಇವು:

```
:31D: 250930 INDIA
:32B: USD76800,
:43P: NOT ALLOWED
:44E: NEW MANGALORE, INDIA
:44F: AQABA, JORDAN
:44C: 250915
:48:  15
```

31D ಅಂದ್ರೆ ಎಲ್‌ಸಿ ಮುಗಿಯೋ ತಾರೀಖು ಮತ್ತೆ ಜಾಗ, 250930 ಅಂದ್ರೆ 2025ರ ಸೆಪ್ಟೆಂಬರ್ 30. ಜಾಗ ಇಂಡಿಯಾ ಅಂತ ಇದೆಯಾ ನೋಡಿ. ಅಲ್ಲಿ ಜೋರ್ಡಾನ್ ಅಂತ ಇದ್ರೆ ಪೇಪರ್ಸ್ ಆ ತಾರೀಖಿನೊಳಗೆ ಅಮ್ಮಾನ್ ತಲುಪಿರಬೇಕು, ಕೊರಿಯರ್ ಲೇಟಾದ್ರೆ ಅದು ನಿಮ್ಮ ತಲೆನೋವು. 43P ಪಾರ್ಷಿಯಲ್ ಶಿಪ್‌ಮೆಂಟ್, ಅಂದ್ರೆ ಮಾಲನ್ನ ಭಾಗ ಭಾಗವಾಗಿ ಕಳಿಸೋದು, ಇಲ್ಲಿ ಬೇಡ ಅಂದಿದಾರೆ. 44E ಹತ್ತಿಸೋ ಪೋರ್ಟ್, 44F ಇಳಿಸೋ ಪೋರ್ಟ್, 44C ಹಡಗು ಹತ್ತೋಕೆ ಕೊನೇ ದಿನ. 48 ಅಂದ್ರೆ ಶಿಪ್‌ಮೆಂಟ್ ಆದ್ಮೇಲೆ ಎಷ್ಟು ದಿನದೊಳಗೆ ಪೇಪರ್ಸ್ ಬ್ಯಾಂಕಿಗೆ ಕೊಡ್ಬೇಕು ಅನ್ನೋದು. ಇದರ ಜೊತೆ 45ಎಯಲ್ಲಿ ಸರಕಿನ ವಿವರ, 46ಎಯಲ್ಲಿ ಯಾವ್ಯಾವ ಡಾಕ್ಯುಮೆಂಟ್ ಬೇಕು, 47ಎಯಲ್ಲಿ ಉಳಿದ ಷರತ್ತು. ಈ ಮೂರನ್ನ ಒಂದೊಂದು ಸಾಲಾಗಿ ಪೆನ್ನು ಹಿಡ್ಕೊಂಡು ಓದಿ.

ಓದುವಾಗ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳ್ಕೊಳ್ಳಿ, ಈ ಪೇಪರ್ ನಾನು ತರೋಕೆ ಆಗುತ್ತಾ, ಬೇರೆ ಯಾರದ್ದಾದ್ರೂ ಕೈಯಲ್ಲಿದೆಯಾ? ಕಾಫಿ ಯಾವ ದೇಶದ್ದು ಅಂತ ಹೇಳೋ ಇಂಟರ್‌ನ್ಯಾಷನಲ್ ಕಾಫಿ ಆರ್ಗನೈಸೇಷನ್‌ನ ಐಸಿಒ ಸರ್ಟಿಫಿಕೇಟ್ ಆಫ್ ಒರಿಜಿನ್ ಕಾಫಿ ಬೋರ್ಡಿಂದ ಬರುತ್ತೆ, ಮಾಲಲ್ಲಿ ಕೀಟ ರೋಗ ಇಲ್ಲ ಅನ್ನೋ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಪ್ಲಾಂಟ್ ಕ್ವಾರಂಟೈನ್‌ನವರಿಂದ, ಸರಿ. ಆದ್ರೆ ಬೈಯರ್ ಕಡೆಯವರೇ ಸೈನ್ ಮಾಡಿದ ಇನ್‌ಸ್ಪೆಕ್ಷನ್ ಸರ್ಟಿಫಿಕೇಟ್ ಬೇಕು, ಆ ಸೈನ್ ಓಪನಿಂಗ್ ಬ್ಯಾಂಕಿನ ರೆಕಾರ್ಡ್ ಜೊತೆ ಹೊಂದಬೇಕು ಅಂತ 46ಎಯಲ್ಲಿ ಇದ್ರೆ ಆ ಎಲ್‌ಸಿ ಒಪ್ಕೋಬೇಡಿ. ರೇಟ್ ಬಿದ್ದ ದಿನ ಬೈಯರ್ ಸೈನ್ ಮಾಡದೇ ಸುಮ್ಮನೆ ಕೂತ್ರೆ ಸಾಕು, ನಿಮ್ಮ ಎಲ್‌ಸಿ ಬರೀ ಕಾಗದ.

ನಮ್ಮ ಎಲ್‌ಸಿಯಲ್ಲಿ ಇನ್ನೊಂದು ಅಪಾಯ ಇದೆ. ಯುಸಿಪಿಯ 30ನೇ ಆರ್ಟಿಕಲ್ ಪ್ರಕಾರ ಸರಕಿನ ಪ್ರಮಾಣ 5% ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ ಅಂತ ತುಂಬಾ ಜನ ಕೇಳಿರ್ತಾರೆ. ಆದ್ರೆ ಎಲ್‌ಸಿಯಲ್ಲಿ ಪ್ರಮಾಣವನ್ನ ಮೂಟೆ, ಡಬ್ಬಿ, ಪೀಸ್ ಲೆಕ್ಕದಲ್ಲಿ ಹೇಳಿದ್ರೆ ಆ ರಿಯಾಯಿತಿ ಇಲ್ಲ. 320 ಮೂಟೆ ಅಂತ ಬರೆದಿದಾರೆ, ಪಾರ್ಷಿಯಲ್ ಬೇಡ ಅಂದಿದಾರೆ, ಹಾಗಾಗಿ ಕಂಟೇನರ್ ತುಂಬೋ ಟೈಮಲ್ಲಿ ಒಂದು ಮೂಟೆ ಹರಿದು ಹೋಗಿ 319 ಹೋದ್ರೂ ಡಿಸ್ಕ್ರೆಪೆನ್ಸಿ, ಅಂದ್ರೆ ಎಲ್‌ಸಿಗೆ ಹೊಂದದ ತಪ್ಪು. ಇದಕ್ಕೆ ಮೊದಲೇ ಬೈಯರ್‌ಗೆ ಹೇಳಿ ಪ್ರಮಾಣಕ್ಕೂ ಅಮೌಂಟಿಗೂ ಎರಡಕ್ಕೂ 5% ಪ್ಲಸ್ ಮೈನಸ್ ಹಾಕಿಸ್ಕೊಳ್ಳಿ. ಅಮೌಂಟಿಗೆ ಇರೋ 39ಎ ಫೀಲ್ಡಲ್ಲಿ ಮಾತ್ರ ಹಾಕಿದ್ರೆ ಸಾಲಲ್ಲ, 45ಎಯಲ್ಲಿ ಪ್ರಮಾಣದ ಪಕ್ಕಾನೂ ಬರಬೇಕು.

ಹೆಜ್ಜೆ 2: ಬದಲಾವಣೆ ಬೇಕಿದ್ರೆ ಎಲ್‌ಸಿಯಲ್ಲೇ ಆಗ್ಬೇಕು

ಬೈಯರ್ ವಾಟ್ಸಾಪಲ್ಲಿ "ನೋ ಪ್ರಾಬ್ಲಂ, ನಾನು ನೋಡ್ಕೊಳ್ತೀನಿ" ಅಂದಿದ್ದು ಬ್ಯಾಂಕಿಗೆ ಲೆಕ್ಕಕ್ಕೇ ಇಲ್ಲ. ಎಲ್‌ಸಿ ಬದಲಾಗೋದು ಅಮೆಂಡ್‌ಮೆಂಟ್ ಬಂದಾಗ ಮಾತ್ರ, ಅದು ಎಂಟಿ 707 ಮೆಸೇಜಾಗಿ ನಿಮ್ಮ ಅಡ್ವೈಸಿಂಗ್ ಬ್ಯಾಂಕ್ ಮೂಲಕ ಬರಬೇಕು. ಅದು ಬರೋ ತನಕ ಕಂಟೇನರನ್ನ ಪೋರ್ಟಿನ ಒಳಗೆ ಗೇಟ್ ಇನ್ ಮಾಡಿಸೋಕೆ ಹೋಗ್ಬೇಡಿ. ಒಂದು ಅಮೆಂಡ್‌ಮೆಂಟಲ್ಲಿ ನಾಲ್ಕು ಬದಲಾವಣೆ ಬಂದ್ರೆ ಮೂರು ಒಪ್ಪಿ ಒಂದು ಬಿಡೋ ಹಾಗೂ ಇಲ್ಲ, ಪೂರ್ತಿ ಒಪ್ಪಬೇಕು ಇಲ್ಲ ಪೂರ್ತಿ ಬಿಡಬೇಕು. ಅದಕ್ಕೇ ಕೇಳೋದನ್ನೆಲ್ಲ ಒಂದೇ ಸಲ ಪಟ್ಟಿ ಮಾಡಿ ಕೇಳಿ, ಚಾರ್ಜೂ ಒಂದೇ ಸಲ ಬೀಳುತ್ತೆ.

ಹೆಜ್ಜೆ 3: ಪೇಪರ್ಸ್ ತಯಾರಿ

ಇನ್‌ವಾಯ್ಸಿಂದ ಶುರು ಮಾಡೋಣ, ಯಾಕಂದ್ರೆ ಬ್ಯಾಂಕ್ ಅತೀ ಬಿಗಿಯಾಗಿ ನೋಡೋದು ಇದನ್ನೇ. ಉಳಿದ ಪೇಪರಲ್ಲಿ ಸರಕಿನ ವಿವರ ವಿರುದ್ಧ ಆಗದಿದ್ರೆ ಸಾಕು, ಇನ್‌ವಾಯ್ಸಲ್ಲಿ ಮಾತ್ರ ಎಲ್‌ಸಿಯ ವಿವರಕ್ಕೆ ಹೊಂದಲೇಬೇಕು. 45ಎಯಲ್ಲಿ ಇರೋದನ್ನ ಕಾಪಿ ಪೇಸ್ಟ್ ಮಾಡಿ, ಸ್ವಂತ ಇಂಗ್ಲಿಷ್ ತೋರಿಸೋ ಜಾಗ ಇದಲ್ಲ. ಇನ್‌ಕೋಟರ್ಮ್ಸ್ ಅಂದ್ರೆ ಸಿಐಎಫ್ ಥರದ ಪದಗಳ ಅರ್ಥ ಹೇಳೋ ರೂಲ್ಸ್, ಎಲ್‌ಸಿಯಲ್ಲಿ ಸಿಐಎಫ್ ಅಕಾಬಾ ಇನ್‌ಕೋಟರ್ಮ್ಸ್ 2020 ಅಂತ ಇದ್ರೆ ಇನ್‌ವಾಯ್ಸಲ್ಲೂ ಪೂರ್ತಿ ಹಾಗೇ ಬರಬೇಕು. ಬರೀ ಸಿಐಎಫ್ ಅಕಾಬಾ ಅಂತ ಹಾಕಿದ್ರೆ ಡಿಸ್ಕ್ರೆಪೆನ್ಸಿ. ಯುಸಿಪಿಯನ್ನ ಬಳಸೋದು ಹೇಗೆ ಅಂತ ವಿವರಿಸೋ ಐಎಸ್‌ಬಿಪಿ ಅನ್ನೋ ಪುಸ್ತಕದಲ್ಲಿ ಇದೇ ಥರದ ಉದಾಹರಣೆ ಕೊಟ್ಟು ಆಗಲ್ಲ ಅಂದಿದಾರೆ. ಇನ್ನೊಂದು, ಬೈಯರ್‌ಗೆ ಪ್ರೀತಿಯಿಂದ ಎರಡು ಕೆಜಿ ಹುರಿದ ಕಾಫಿ ಸ್ಯಾಂಪಲ್ ಫ್ರೀಯಾಗಿ ಕಳಿಸಿ ಅದನ್ನ ಇದೇ ಇನ್‌ವಾಯ್ಸಲ್ಲಿ ತೋರಿಸೋರಿದಾರೆ. ಬೇಡ. ಎಲ್‌ಸಿ ಕೇಳದ ಮಾಲು ಫ್ರೀ ಅಂತ ಬರೆದಿದ್ರೂ ಇನ್‌ವಾಯ್ಸಲ್ಲಿ ಕಾಣಬಾರದು.

ಬಿಲ್ ಆಫ್ ಲೇಡಿಂಗ್, ಬಿಎಲ್ ಅಂತೀವಲ್ಲ, ಅದು ನಿಮ್ಮ ಕೈಯಲ್ಲಿ ಇಲ್ಲ, ಶಿಪ್ಪಿಂಗ್ ಲೈನ್ ಕೊಡೋದು. ಹಾಗಾಗಿ ಡ್ರಾಫ್ಟ್ ಬಂದಾಗಲೇ ನೋಡ್ಬೇಕು, ಒರಿಜಿನಲ್ ಪ್ರಿಂಟ್ ಆದ್ಮೇಲೆ ತಿದ್ದಿಸೋಕೆ ದುಡ್ಡೂ ಟೈಮೂ ಎರಡೂ ಹೋಗುತ್ತೆ.

ಡ್ರಾಫ್ಟಲ್ಲಿ ಮೊದಲು ಪೋರ್ಟ್ ನೋಡಿ. ನವಮಂಗಳೂರಿಂದ ಕಂಟೇನರ್ ಫೀಡರ್ ಹಡಗಲ್ಲಿ ಕೊಲಂಬೋಗೆ ಹೋಗಿ ಅಲ್ಲಿ ದೊಡ್ಡ ಹಡಗು ಹತ್ತುತ್ತೆ ಅಂತ ಇಟ್ಕೊಳ್ಳಿ. ಕೆಲವೊಮ್ಮೆ ಲೈನಿನವರು ಪ್ಲೇಸ್ ಆಫ್ ರಿಸೀಟ್ ಜಾಗದಲ್ಲಿ ನ್ಯೂ ಮ್ಯಾಂಗಳೂರ್ ಹಾಕಿ ಪೋರ್ಟ್ ಆಫ್ ಲೋಡಿಂಗಲ್ಲಿ ಕೊಲಂಬೋ ಹಾಕಿಬಿಡ್ತಾರೆ. ಅವರ ದೃಷ್ಟಿಯಲ್ಲಿ ಅದು ಸುಳ್ಳಲ್ಲ, ಆದ್ರೆ ಎಲ್‌ಸಿ ಕೇಳಿದ್ದು ನ್ಯೂ ಮ್ಯಾಂಗಳೂರಲ್ಲಿ ಹಡಗು ಹತ್ತಿದ ಬಿಎಲ್. ಪೋರ್ಟ್ ಆಫ್ ಲೋಡಿಂಗಲ್ಲಿ ನ್ಯೂ ಮ್ಯಾಂಗಳೂರ್ ಬರಬೇಕು, ಅಲ್ಲಿ ಫೀಡರ್ ಹತ್ತಿದ ಆನ್ ಬೋರ್ಡ್ ತಾರೀಖು ಬರಬೇಕು. ನಡುವೆ ಹಡಗು ಬದಲಾಗೋದಕ್ಕೆ ಭಯ ಬೇಡ, ಎಲ್‌ಸಿಯಲ್ಲಿ ಟ್ರಾನ್ಸ್‌ಶಿಪ್‌ಮೆಂಟ್ ಬೇಡ ಅಂತ ಇದ್ರೂ ಮಾಲು ಕಂಟೇನರಲ್ಲಿ ಇದ್ದು ಪೂರ್ತಿ ದಾರಿಗೆ ಒಂದೇ ಬಿಎಲ್ ಇದ್ರೆ 20ನೇ ಆರ್ಟಿಕಲ್ ಅದನ್ನ ಒಪ್ಪುತ್ತೆ.

ಆಮೇಲೆ ಸೈನ್. ಬಿಎಲ್ ಮೇಲೆ ಕ್ಯಾರಿಯರ್ ಯಾರು ಅಂತ ಹೆಸರು ಇರಬೇಕು, ಸೈನ್ ಮಾಡಿದವರು ಕ್ಯಾರಿಯರಾ, ಕ್ಯಾಪ್ಟನ್ನಾ, ಇಲ್ಲ ಅವರ ಏಜೆಂಟಾ ಅನ್ನೋದೂ ಇರಬೇಕು. ಏಜೆಂಟ್ ಆಗಿದ್ರೆ ಯಾರ ಪರವಾಗಿ ಅಂತಾನೂ ಬರಬೇಕು. ಬರೀ ಫಾರ್ವರ್ಡರ್ ಸ್ಟ್ಯಾಂಪು, ಒಂದು ಗೀಚು, ಕೆಳಗೆ "ಆಸ್ ಏಜೆಂಟ್" ಅಂತ ಇದ್ರೆ ಸಾಲಲ್ಲ. ಬಿಎಲ್ ಶಿಪ್ಪರ್ ಆರ್ಡರ್ ಮೇಲೆ, ಅಂದ್ರೆ ನೀವು ಹೇಳಿದವರಿಗೆ ಮಾಲು ಕೊಡೋ ಥರ, ಆಗಿದ್ರೆ ಹಿಂದೆ ನಿಮ್ಮ ಸೀಲು ಸೈನು ಬೇಕು, ಮೂರು ಒರಿಜಿನಲ್ಲಿಗೂ ಬೇಕು, ಇದನ್ನ ಮರೆಯೋರು ಲೆಕ್ಕ ಇಲ್ಲದಷ್ಟು ಜನ. ಸಿಐಎಫ್ ಆಗಿರೋದ್ರಿಂದ ಫ್ರೈಟ್ ಪ್ರೀಪೇಡ್ ಅಂತ ಇರಬೇಕು, ಕಲೆಕ್ಟ್ ಅಂತ ಇದ್ರೆ ವಾಪಸ್. ನೋಟಿಫೈ ಪಾರ್ಟಿ, ಅಂದ್ರೆ ಮಾಲು ಬಂದಾಗ ಯಾರಿಗೆ ತಿಳಿಸಬೇಕು ಅನ್ನೋ ಜಾಗದಲ್ಲಿ ಬೈಯರ್ ಅಡ್ರೆಸ್ ಎಲ್‌ಸಿಯಲ್ಲಿ ಹೇಗಿದೆಯೋ ಹಾಗೇ ಇರಬೇಕು. ಬೇರೆ ಪೇಪರಲ್ಲಿ ಅಡ್ರೆಸ್ ಸ್ವಲ್ಪ ಬೇರೆ ಇದ್ರೂ ದೇಶ ಒಂದೇ ಆಗಿದ್ರೆ ನಡೆಯುತ್ತೆ, ಬಿಎಲ್‌ನ ಕನ್ಸೈನಿ, ಅಂದ್ರೆ ಮಾಲು ಯಾರಿಗೆ ಅನ್ನೋ ಜಾಗ, ಮತ್ತೆ ನೋಟಿಫೈ ಜಾಗಕ್ಕೆ ಮಾತ್ರ ಆ ರಿಯಾಯಿತಿ ಇಲ್ಲ.

ಇನ್ಶೂರೆನ್ಸ್‌ಗೆ ಎರಡೇ ಲೆಕ್ಕ. ಎಲ್‌ಸಿಯಲ್ಲಿ ಬೇರೆ ಏನೂ ಹೇಳಿಲ್ಲ ಅಂದ್ರೆ ಸಿಐಎಫ್ ಬೆಲೆಯ 110% ಕವರ್ ಇರಬೇಕು, ನಮ್ಮ ಕೇಸಲ್ಲಿ 84,480 ಡಾಲರ್, ಅದಕ್ಕಿಂತ ಒಂದು ಡಾಲರ್ ಕಮ್ಮಿ ಆದ್ರೂ ತಪ್ಪೇ, ಮತ್ತೆ ಎಲ್‌ಸಿ ಡಾಲರಲ್ಲಿ ಇದ್ರೆ ಪಾಲಿಸಿನೂ ಡಾಲರಲ್ಲೇ. ಇನ್ನೊಂದು ತಾರೀಖು. ಹಡಗು ಹತ್ತಿದ ದಿನಕ್ಕಿಂತ ಆಮೇಲಿನ ತಾರೀಖು ಇದ್ರೆ, ಕವರ್ ಹಡಗು ಹತ್ತಿದ ದಿನದಿಂದಲೋ ಅದಕ್ಕೂ ಮೊದಲಿಂದಲೋ ಇದೆ ಅಂತ ಪಾಲಿಸಿ ಮೇಲೇ ಬರೆದಿರಬೇಕು.

ಇಷ್ಟಾದ್ಮೇಲೆ ಎಲ್ಲಾ ಪೇಪರನ್ನೂ ಮೇಜಿನ ಮೇಲೆ ಹರಡಿ ಒಂದರ ಜೊತೆ ಇನ್ನೊಂದನ್ನ ಹೋಲಿಸಿ. 14ನೇ ಆರ್ಟಿಕಲ್ ಹೇಳೋದು ಏನಂದ್ರೆ ಮಾಹಿತಿ ಅಕ್ಷರ ಅಕ್ಷರ ಒಂದೇ ಇರಬೇಕು ಅಂತಿಲ್ಲ, ಆದ್ರೆ ಒಂದಕ್ಕೊಂದು ವಿರುದ್ಧ ಇರಬಾರದು. ಸ್ಪೆಲ್ಲಿಂಗ್ ತಪ್ಪಿಗೂ ನಂಬರ್ ತಪ್ಪಿಗೂ ಇರೋ ವ್ಯತ್ಯಾಸ ಇಲ್ಲೇ ಬರೋದು. ಮಷಿನ್ ಅನ್ನೋ ಇಂಗ್ಲಿಷ್ ಪದದಲ್ಲಿ ಸಿ ಬದಲು ಎಸ್ ಬಿದ್ರೆ ಅರ್ಥ ಬದಲಾಗಲ್ಲ, ಅದು ಡಿಸ್ಕ್ರೆಪೆನ್ಸಿ ಅಲ್ಲ ಅಂತ ಐಎಸ್‌ಬಿಪಿನೇ ಹೇಳುತ್ತೆ. ಆದ್ರೆ ಮಾಡೆಲ್ 321 ಇರೋ ಕಡೆ 123 ಆದ್ರೆ ಅದು ಬೇರೆ ಮಾಲೇ ಆಗಿಬಿಡಬಹುದು, ಅದು ಡಿಸ್ಕ್ರೆಪೆನ್ಸಿ. ತೂಕ, ಕಂಟೇನರ್ ನಂಬರ್, ಸೀಲ್ ನಂಬರ್, ಲಾಟ್ ಮಾರ್ಕ್, ಇವನ್ನ ಒಬ್ಬರು ಜೋರಾಗಿ ಓದಬೇಕು ಇನ್ನೊಬ್ಬರು ಬೆರಳಿಟ್ಟು ನೋಡ್ಬೇಕು, ಇದಕ್ಕಿಂತ ಒಳ್ಳೇ ವಿಧಾನ ನಾನು ಕಂಡಿಲ್ಲ.

ಹೆಜ್ಜೆ 4: ತಾರೀಖಿನ ಲೆಕ್ಕ

ನಮ್ಮ ಕಂಟೇನರ್ ಸೆಪ್ಟೆಂಬರ್ 8ಕ್ಕೆ ಹಡಗು ಹತ್ತಿತು. ಕೊನೇ ದಿನ 15 ಇತ್ತು, ಹಾಗಾಗಿ ಶಿಪ್‌ಮೆಂಟ್ ಸರಿ. ಎಲ್‌ಸಿ ಮುಗಿಯೋದು 30ಕ್ಕೆ, ಇನ್ನೂ ಮೂರು ವಾರ ಇದೆ ಅನ್ಸುತ್ತೆ. ಇಲ್ಲ. 48ನೇ ಫೀಲ್ಡಲ್ಲಿ 15 ದಿನ ಅಂದಿದಾರೆ, 8ನೇ ತಾರೀಖನ್ನ ಬಿಟ್ಟು ಎಣಿಸಿದ್ರೆ 23ಕ್ಕೆ ಮುಗಿಯುತ್ತೆ. 24ಕ್ಕೆ ಕೊಟ್ರೆ ಎಲ್‌ಸಿ ಜೀವಂತ ಇದ್ರೂ ಲೇಟ್ ಪ್ರೆಸೆಂಟೇಷನ್, ಮತ್ತೆ ಇದನ್ನ ಯಾರೂ ತಿದ್ದೋಕಾಗಲ್ಲ. ಎಲ್‌ಸಿಯಲ್ಲಿ ದಿನ ಹೇಳಿಲ್ಲ ಅಂದ್ರೆ ಯುಸಿಪಿ ಪ್ರಕಾರ 21 ದಿನ, ಅದೂ ಎಲ್‌ಸಿ ಮುಗಿಯೋದ್ರೊಳಗೆ. ಕೊನೇ ದಿನ ಬ್ಯಾಂಕಿಗೆ ರಜಾ ಇದ್ರೆ ಮುಂದಿನ ಬ್ಯಾಂಕಿಂಗ್ ದಿನಕ್ಕೆ ಹೋಗುತ್ತೆ, ಆದ್ರೆ ಹಡಗು ಹತ್ತೋ ಕೊನೇ ದಿನಕ್ಕೆ ಈ ರಿಯಾಯಿತಿ ಇಲ್ಲ, ಭಾನುವಾರ ಆದ್ರೂ ಅಷ್ಟೇ.

ಹೆಜ್ಜೆ 5: ಬ್ಯಾಂಕಿಗೆ ಕೊಡೋದು

ಕೊನೇ ದಿನದ ಹಿಂದಿನ ದಿನ ಪೇಪರ್ಸ್ ತಗೊಂಡು ಹೋಗ್ಬೇಡಿ. ಬೆಂಗಳೂರಿನ ಬ್ಯಾಂಕಿಗೆ 17ಕ್ಕೇ ಕೊಟ್ರು ಅಂತ ಇಟ್ಕೊಳ್ಳಿ, ಚೆಕರ್ ಮೂರು ತಪ್ಪು ಹೇಳಿದ್ರು. ಒಂದು, ಇನ್‌ವಾಯ್ಸಲ್ಲಿ ಇನ್‌ಕೋಟರ್ಮ್ಸ್ 2020 ಅನ್ನೋದು ಬಿಟ್ಟು ಹೋಗಿದೆ. ಎರಡು, ಬಿಎಲ್‌ನ ಮೂರನೇ ಒರಿಜಿನಲ್ ಹಿಂದೆ ಎಂಡಾರ್ಸ್‌ಮೆಂಟ್ ಇಲ್ಲ. ಮೂರು, ಬಿಎಲ್ ಮತ್ತೆ ಪ್ಯಾಕಿಂಗ್ ಲಿಸ್ಟಲ್ಲಿ ಗ್ರಾಸ್ ತೂಕ 19,424 ಕೆಜಿ ಇದ್ರೆ ಫೈಟೋಸ್ಯಾನಿಟರಿಯಲ್ಲಿ 19,242 ಅಂತ ಅಂಕಿ ಅದಲು ಬದಲಾಗಿದೆ.

ಮೊದಲೆರಡು ಅವತ್ತೇ ಸರಿಯಾಯ್ತು, ಯಾಕಂದ್ರೆ ಎರಡೂ ಎಕ್ಸ್‌ಪೋರ್ಟರ್ ಕೈಯಲ್ಲೇ ಇರೋದು. ಮೂರನೇದು ಹಾಗಲ್ಲ. ಬೇರೆಯವರು ಕೊಟ್ಟ ಪೇಪರ್ ಮೇಲೆ ನೀವು ಪೆನ್ನಲ್ಲಿ ತಿದ್ದೋ ಹಾಗಿಲ್ಲ, ಕೊಟ್ಟವರೇ ತಿದ್ದಿ ಅವರ ಸೀಲು ಸೈನು ಹಾಕಬೇಕು, ಇಲ್ಲ ಹೊಸದು ಕೊಡ್ಬೇಕು. ಅದು ಬಂದಿದ್ದು 22ಕ್ಕೆ, ಬ್ಯಾಂಕಿಗೆ ಸೇರಿದ್ದೂ ಅವತ್ತೇ. ಕಟ್ಟಕಡೆಗೆ ಒಂದು ದಿನ ಉಳಿದಿತ್ತು. 17ರ ಬದಲು 22ಕ್ಕೆ ಮೊದಲ ಸಲ ಹೋಗಿದ್ರೆ ಈ ಸರ್ಟಿಫಿಕೇಟ್ ಟೈಮಿಗೆ ಸಿಗ್ತಾನೇ ಇರ್ಲಿಲ್ಲ.

ಇಲ್ಲೊಂದು ಮಾತು. ತಿದ್ದೋಕೆ ಆಗಲ್ಲ ಅನ್ನೋ ಡಿಸ್ಕ್ರೆಪೆನ್ಸಿ ಇದ್ರೆ ನಿಮ್ಮ ಬ್ಯಾಂಕ್ ಇಂಡೆಮ್ನಿಟಿ ಬರೆಸ್ಕೊಂಡು ಅಂಡರ್ ರಿಸರ್ವ್ ದುಡ್ಡು ಕೊಡಬಹುದು. ಆ ದುಡ್ಡು ನಿಮ್ಮದು ಅಂತ ಖರ್ಚು ಮಾಡ್ಬೇಡಿ, ಅಮ್ಮಾನ್ ಬ್ಯಾಂಕ್ ರಿಜೆಕ್ಟ್ ಮಾಡಿದ್ರೆ ಬಡ್ಡಿ ಸಮೇತ ವಾಪಸ್ ಎಳ್ಕೊಳ್ತಾರೆ.

ಹೆಜ್ಜೆ 6: ರಿಜೆಕ್ಷನ್ ಬಂದ್ರೆ ಮೊದಲು ಆ ನೋಟಿಸ್ ಓದಿ

ರಿಜೆಕ್ಷನ್ ಅಂದ ತಕ್ಷಣ ಬೈಯರ್‌ಗೆ ಫೋನ್ ಮಾಡಿ ಡಿಸ್ಕೌಂಟ್ ಮಾತಾಡೋಕೆ ಹೋಗೋರು ತುಂಬಾ ಜನ. ಸ್ವಲ್ಪ ತಾಳಿ. ಬ್ಯಾಂಕಿಗೂ 14 ಮತ್ತೆ 16ನೇ ಆರ್ಟಿಕಲ್‌ನಲ್ಲಿ ಅಷ್ಟೇ ಬಿಗಿ ನಿಯಮ ಇದೆ, ನೀವು ಅದನ್ನ ನೋಡ್ಬೇಕು. ಪೇಪರ್ಸ್ ತಲುಪಿದ ದಿನ ಬಿಟ್ಟು ಐದು ಬ್ಯಾಂಕಿಂಗ್ ದಿನದೊಳಗೆ ಅವರು ಹೇಳಿಬಿಡಬೇಕು. ಒಂದೇ ನೋಟಿಸಲ್ಲಿ ಎಲ್ಲಾ ಡಿಸ್ಕ್ರೆಪೆನ್ಸಿನೂ ಹೇಳಬೇಕು, ಒಂದು ವಾರ ಬಿಟ್ಟು "ಇನ್ನೊಂದು ಸಿಕ್ತು" ಅನ್ನೋಹಾಗಿಲ್ಲ. ದುಡ್ಡು ಕೊಡಲ್ಲ ಅಂತ ಸ್ಪಷ್ಟವಾಗಿ ಹೇಳಬೇಕು, ಪೇಪರ್ಸ್ ಏನು ಮಾಡ್ತಿದೀವಿ, ನಿಮ್ಮ ಮಾತಿಗೆ ಕಾಯ್ತಾ ಇಟ್ಕೊಂಡಿದೀವೋ, ಬೈಯರ್ ಒಪ್ಪಿಗೆಗೆ ಕಾಯ್ತಿದೀವೋ, ವಾಪಸ್ ಕಳಿಸ್ತಿದೀವೋ ಅನ್ನೋದೂ ಹೇಳಬೇಕು. ಇದರಲ್ಲಿ ಏನು ತಪ್ಪಿದ್ರೂ ಓಪನಿಂಗ್ ಬ್ಯಾಂಕ್ ಡಿಸ್ಕ್ರೆಪೆನ್ಸಿ ಇದೆ ಅಂತ ವಾದ ಮಾಡೋ ಹಕ್ಕನ್ನೇ ಕಳ್ಕೊಳ್ಳುತ್ತೆ, ಡಿಸ್ಕ್ರೆಪೆನ್ಸಿ ನಿಜವಾಗ್ಲೂ ಇದ್ರೂ ಕೂಡ.

ನಮ್ಮ ಪೇಪರ್ಸ್ ಅಮ್ಮಾನ್ ತಲುಪಿದ್ದು ಸೆಪ್ಟೆಂಬರ್ 28, ಭಾನುವಾರ. ಅಲ್ಲಿ ಭಾನುವಾರ ಬ್ಯಾಂಕ್ ತೆಗೆದಿರುತ್ತೆ, ರಜಾ ಶುಕ್ರವಾರ ಶನಿವಾರ. ಸೋಮವಾರ ಒಂದು, ಮಂಗಳವಾರ ಎರಡು, ಬುಧವಾರ ಮೂರು, ಗುರುವಾರ ನಾಲ್ಕು, ಐದನೇದು ಮುಂದಿನ ಭಾನುವಾರ ಅಕ್ಟೋಬರ್ 5. ನೋಟಿಸ್ 6ಕ್ಕೆ ಬಂದಿದ್ರೆ ಲೇಟ್, ಅವರು ದುಡ್ಡು ಕೊಡಲೇಬೇಕು. ನಮ್ಮ ಕೇಸಲ್ಲಿ ರಿಜೆಕ್ಷನ್ ನೋಟಿಸ್, ಸ್ವಿಫ್ಟ್‌ನಲ್ಲಿ ಎಂಟಿ 734, ಬಂದಿದ್ದು ಅಕ್ಟೋಬರ್ 1ಕ್ಕೇ, ಟೈಮೊಳಗೇ ಇದೆ. ಕಾರಣ: ಎಲ್‌ಸಿಯಲ್ಲಿ ಬೆನಿಫಿಷಿಯರಿ, ಅಂದ್ರೆ ದುಡ್ಡು ಪಡೆಯೋ ಎಕ್ಸ್‌ಪೋರ್ಟರ್, ಅಡ್ರೆಸ್ ಬ್ಯಾಂಗಲೋರ್ ಅಂತ ಇದೆ, ಇನ್‌ವಾಯ್ಸಲ್ಲಿ ಬೆಂಗಳೂರು ಅಂತ ಇದೆ, ಪಿನ್‌ಕೋಡ್ ಪಕ್ಕದ ಫೋನ್ ನಂಬರೂ ಬೇರೆ.

ಇದು ಡಿಸ್ಕ್ರೆಪೆನ್ಸಿನೇ ಅಲ್ಲ. 14ನೇ ಆರ್ಟಿಕಲ್‌ನ ಜೆ ಭಾಗದಲ್ಲಿ ಇದೆ, ಬೆನಿಫಿಷಿಯರಿ ಮತ್ತೆ ಬೈಯರ್ ಅಡ್ರೆಸ್ ಎಲ್‌ಸಿಯಲ್ಲಿ ಇದ್ದ ಹಾಗೇ ಇರಬೇಕಿಲ್ಲ, ಅದೇ ದೇಶ ಆಗಿದ್ರೆ ಸಾಕು, ಫೋನ್ ಫ್ಯಾಕ್ಸ್ ಇಮೇಲ್ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ. ಹಾಗಾಗಿ ಬೈಯರ್ ಹತ್ರ ಮಾತಾಡೋ ಮೊದಲು ನಿಮ್ಮ ಬ್ಯಾಂಕಿಗೆ ಅವತ್ತೇ ಲೆಟರ್ ಕೊಟ್ಟು ಆರ್ಟಿಕಲ್ ನಂಬರ್ ಸಮೇತ ಅಮ್ಮಾನ್‌ಗೆ ಸ್ವಿಫ್ಟ್ ಮೆಸೇಜ್ ಕಳಿಸೋಕೆ ಹೇಳಿ, ರಿಜೆಕ್ಷನ್ ಒಪ್ಪಲ್ಲ, ಪ್ರೆಸೆಂಟೇಷನ್ ಸರಿ ಇದೆ, ದುಡ್ಡು ಕೊಡಿ ಅಂತ. ಬ್ಯಾಂಕಿನ ಸ್ಟಾಫ್ ಕೆಲವರು ಇದಕ್ಕೆ ಹಿಂಜರೀತಾರೆ, ಪಟ್ಟು ಹಿಡಿದು ಕೇಳಿ, ಇದು ನಿಮ್ಮ ಹಕ್ಕು. ಜಗಳ ಬಗೆಹರಿಲಿಲ್ಲ ಅಂದ್ರೆ ಐಸಿಸಿಯಲ್ಲೇ ಡಾಕ್‌ಡೆಕ್ಸ್ ಅಂತ ಒಂದು ವ್ಯವಸ್ಥೆ ಇದೆ, ಕೋರ್ಟಿಗೆ ಹೋಗದೇ ಪರಿಣತರು ಬರೀ ಪೇಪರ್ ನೋಡಿ ತೀರ್ಮಾನ ಕೊಡ್ತಾರೆ.

ಡಿಸ್ಕ್ರೆಪೆನ್ಸಿ ನಿಜವಾಗಿದ್ರೆ, ಎಲ್‌ಸಿ ಟೈಮ್ ಇನ್ನೂ ಇದ್ರೆ ತಿದ್ದಿ ಮತ್ತೆ ಕೊಡಿ. ಟೈಮ್ ಇಲ್ಲ ಅಂದ್ರೆ ತಪ್ಪಿದ್ರೂ ಪರವಾಗಿಲ್ಲ ಅನ್ನೋ ಬೈಯರ್ ವೇವರ್ ಒಂದೇ ದಾರಿ. ಬೈಯರ್ ಒಪ್ಪಿದ ಮಾತ್ರಕ್ಕೆ ಬ್ಯಾಂಕ್ ಒಪ್ಪಲೇಬೇಕು ಅಂತ ಇಲ್ಲ, ಅದೂ ಗೊತ್ತಿರಲಿ, ಮತ್ತೆ ಡಿಸ್ಕ್ರೆಪೆನ್ಸಿ ಚಾರ್ಜ್ ಅಂತ 47ಎಯಲ್ಲಿ ಬರೆದಿರೋ ದುಡ್ಡನ್ನ ನಿಮ್ಮ ಬಿಲ್ಲಿಂದಲೇ ಮುರ್ಕೊಳ್ತಾರೆ. ರೇಟ್ ಬಿದ್ದಿರೋ ಟೈಮಲ್ಲಿ ಬೈಯರ್ ವೇವರ್ ಕೊಡೋಕೆ ಟನ್ನಿಗೆ ಇಷ್ಟು ಕಡಿಮೆ ಮಾಡಿ ಅಂತ ಕೇಳ್ತಾನೆ, ಚಿಕ್ಕ ಡಿಸ್ಕ್ರೆಪೆನ್ಸಿಗೆ ನಿಜವಾದ ಬೆಲೆ ಬೀಳೋದು ಆಗಲೇ. ಆಗ ನಿಮ್ಮ ಕೈಲಿರೋದು ಒಂದೇ, ಒರಿಜಿನಲ್ ಬಿಎಲ್ ಮೂರೂ ಬ್ಯಾಂಕಿನ ಹತ್ರ ನಿಮ್ಮ ಪರವಾಗಿ ಇದೆ, ದುಡ್ಡು ಕೊಡದೇ ಅದು ಬೈಯರ್‌ಗೆ ಸಿಗಲ್ಲ. ಅದಕ್ಕೇ ಮೂರರಲ್ಲಿ ಒಂದು ಒರಿಜಿನಲ್ ಬಿಎಲ್‌ನ ನೇರವಾಗಿ ಬೈಯರ್‌ಗೆ ಕೊರಿಯರ್ ಮಾಡಿ ಅಂತ ಎಲ್‌ಸಿಯಲ್ಲಿ ಷರತ್ತು ಇದ್ರೆ ಮೊದಲನೇ ಹೆಜ್ಜೆಯಲ್ಲೇ ತೆಗೆಸಿಬಿಡಿ, ಒಂದೇ ಒರಿಜಿನಲ್ ಕೊಟ್ಟು ಅಕಾಬಾದಲ್ಲಿ ಕಂಟೇನರ್ ಬಿಡಿಸ್ಕೊಂಡು ಹೋಗೋಕೆ ಆಗುತ್ತೆ.